ದುಬೈನಿಂದ ಭಟ್ಕಳಕ್ಕೆ ಗೇಮ್‌ಗಳ ಗಂಟು

ಹತ್ತನೇ ತರಗತಿಯವರೆಗೆ ದುಬೈಯಲ್ಲಿ ಓದಿ, ಪಿಯುಸಿಗೆ ಊರಿಗೆ ಬರುವ ಮಕ್ಕಳು ಭಟ್ಕಳದಲ್ಲಿ ಹೊಸಬರಲ್ಲ. ಹೊನ್ನಾವರ, ಕುಮಟಾದ ಕಡೆಯೂ ಅಂಥ ಮನೆಗಳು ಸಿಗುತ್ತವೆ. ಅಪ್ಪ ಅಲ್ಲೇ ಕೆಲಸದಲ್ಲಿ ಉಳಿಯುತ್ತಾರೆ, ತಾಯಿ ಮಕ್ಕಳು ಮಂಗಳೂರಿನಲ್ಲಿ ಇಳಿದು ಊರಿನ ದಾರಿ ಹಿಡಿಯುತ್ತಾರೆ. ಸಾಮಾನಿನ ಪೆಟ್ಟಿಗೆ ಹಿಂದಿನಿಂದ ಬರುತ್ತದೆ. ಅದರಲ್ಲಿ ಕಂಬಳಿ, ಮಿಕ್ಸರ್, ಪುಸ್ತಕಗಳ ನಡುವೆ ಒಂದು ಲ್ಯಾಪ್‌ಟಾಪ್, ಒಂದು ಪ್ಲೇಸ್ಟೇಷನ್ ಸಹ ಇರುತ್ತದೆ. ಯಂತ್ರ ಒಡೆಯದೆ ಬಂದು ಸೇರುತ್ತದೆ. ಅದರೊಳಗಿನ ಅಂಗಡಿ ಮಾತ್ರ ಇನ್ನೂ ದುಬೈಯಲ್ಲೇ ಕೂತಿರುತ್ತದೆ: ಬೆಲೆ ದಿರ್ಹಮ್‌ನಲ್ಲೋ ಡಾಲರ್‌ನಲ್ಲೋ ಕಾಣುತ್ತದೆ, ಊರಿನ ಕಾರ್ಡ್ ಒತ್ತಿದರೆ ಹಣ ಹೋಗುವುದಿಲ್ಲ.

ಆಗ ಏಳುವ ಪ್ರಶ್ನೆಗಳು ಮೂರು. ಅಲ್ಲಿ ಕೊಂಡ ಗೇಮ್‌ಗಳು ಉಳಿಯುತ್ತವೆಯೆ? ಅಲ್ಲಿ ತುಂಬಿಸಿದ ಹಣ ಏನಾಗುತ್ತದೆ? ಇಲ್ಲಿನ ಅಂಗಡಿಯಲ್ಲಿ ಅಲ್ಲಿದ್ದದ್ದೆಲ್ಲ ಸಿಗುತ್ತದೆಯೆ? ಇವುಗಳಿಗೆ ಒಂದೇ ಉತ್ತರ ಇಲ್ಲ, ಒಂದೊಂದು ಅಂಗಡಿಗೆ ಒಂದೊಂದು ಪದ್ಧತಿ. ಕಂಪ್ಯೂಟರಿನ ಸ್ಟೀಮ್ ಅಂಗಡಿಯನ್ನು ಮೊದಲು ನಿಧಾನವಾಗಿ ನೋಡೋಣ. ಅದು ಅರ್ಥವಾದರೆ ಪ್ಲೇಸ್ಟೇಷನ್ ಮತ್ತು ಫೋನಿನ ಅಂಗಡಿಗಳು ಎಲ್ಲಿ ಬೇರೆ ದಾರಿ ಹಿಡಿಯುತ್ತವೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ರೀಜನ್ ಎಂದರೆ ಯಾವುದು

ರೀಜನ್ ಎಂಬ ಮಾತಿನಲ್ಲಿ ಮೂರು ಸಂಗತಿಗಳು ಕಲಸಿಹೋಗುತ್ತವೆ. ನೀವು ಈಗ ಯಾವ ದೇಶದಲ್ಲಿ ಕೂತು ಇಂಟರ್ನೆಟ್ ಬಳಸುತ್ತಿದ್ದೀರಿ ಎಂಬುದು ಒಂದು. ಪರದೆಯ ಮೇಲೆ ಅಕ್ಷರ ಯಾವ ಭಾಷೆಯಲ್ಲಿದೆ ಎಂಬುದು ಇನ್ನೊಂದು. ನಿಮ್ಮ ಖಾತೆ ಯಾವ ದೇಶದ ಗಿರಾಕಿಯದೆಂದು ಅಂಗಡಿ ಬರೆದುಕೊಂಡಿದೆ ಎಂಬುದು ಮೂರನೆಯದು. ಅಂಗಡಿಯ ರೀಜನ್ ಎಂದರೆ ಈ ಮೂರನೆಯದು ಮಾತ್ರ.

ಭಾಷೆ ಬದಲಿಸಿದರೆ ರೀಜನ್ ಬದಲಾಗುವುದಿಲ್ಲ. ಹಬ್ಬಕ್ಕೆಂದು ಒಂದು ತಿಂಗಳು ಊರಿಗೆ ಬಂದರೂ ಬದಲಾಗುವುದಿಲ್ಲ, ಬದಲಿಸಲೂಬಾರದು. ಕೊಂಡ ಗೇಮ್ ಊರಿನಲ್ಲಿ ಕೂತು ಆಡಲು ರೀಜನ್ ಬದಲಿಸುವ ಅಗತ್ಯವೇ ಇಲ್ಲ. ರಜೆಗೆ ಬಂದವರು ತಮ್ಮ ಹಳೆಯ ಖಾತೆಯಲ್ಲೇ ಆಡಿಕೊಂಡು, ರಜೆ ಮುಗಿದ ಮೇಲೆ ಹಾಗೇ ಹಿಂದಿರುಗಬಹುದು. ವಾಸ ನಿಜವಾಗಿ ಬದಲಾದಾಗ, ಅಂದರೆ ಇನ್ನು ಮುಂದೆ ಇಲ್ಲಿನ ಹಣದಲ್ಲಿ ಇಲ್ಲಿಂದಲೇ ಕೊಳ್ಳಬೇಕಾದಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು.

ಮನೆ ಬದಲಿಸಿದಂತೆ ಯೋಚಿಸಿ. ನಿಮ್ಮ ಬಳಿ ಒಂದು ಕಪಾಟು ಇದೆ, ಅದರಲ್ಲಿ ಆಗಲೇ ಕೊಂಡ ಗೇಮ್‌ಗಳಿವೆ. ಒಂದು ಕಿಸೆ ಇದೆ, ಅದರಲ್ಲಿ ಖಾತೆಗೆ ತುಂಬಿಸಿದ ಹಣ ಇದೆ. ಬೀದಿಯಲ್ಲಿ ಒಂದು ಅಂಗಡಿ ಇದೆ, ಅಲ್ಲಿ ಇನ್ನು ಮುಂದೆ ಕೊಳ್ಳಬಹುದಾದದ್ದು ಇದೆ. ಊರು ಬದಲಾದರೆ ಬೀದಿಯ ಅಂಗಡಿ ಖಂಡಿತ ಬದಲಾಗುತ್ತದೆ. ಕಪಾಟು ಹೆಚ್ಚುಪಾಲು ಹಾಗೇ ಜೊತೆಗೆ ಬರುತ್ತದೆ. ಕಿಸೆಯ ಗತಿ ಮಾತ್ರ ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆ. ಗೊಂದಲ, ನಷ್ಟ ಎರಡೂ ಹೆಚ್ಚಾಗಿ ಆಗುವುದು ಈ ಕಿಸೆಯಲ್ಲೇ.

ಸ್ಟೀಮ್: ಕಿಸೆಯೂ ಜೊತೆಗೆ ಬರುತ್ತದೆ

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ದುಬೈಯಿಂದ ಭಟ್ಕಳಕ್ಕೆ ಬಂದಿದ್ದಾನೆ, ಇಲ್ಲಿ ಕಾಲೇಜು ಸೇರಿದ್ದಾನೆ. ಅವನ ಸ್ಟೀಮ್ ಖಾತೆಯಲ್ಲಿ ಮೂವತ್ತು ಗೇಮ್‌ಗಳಿವೆ, ವಾಲೆಟ್‌ನಲ್ಲಿ 84 ದಿರ್ಹಮ್ ಉಳಿದಿದೆ. ಅವನು ಮಾಡಬೇಕಾದದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ಅವನು ಭಾರತದ ಇಂಟರ್ನೆಟ್ ಸಂಪರ್ಕದಲ್ಲಿರಬೇಕು. ದುಬೈಯಲ್ಲಿ ಹೊರಡುವ ಮೊದಲೇ ಭಾರತಕ್ಕೆ ಬದಲಿಸಿಬಿಡೋಣ ಎಂದರೆ ಆಗದು. ಹೊಸ ದೇಶವನ್ನು ಸ್ಟೀಮ್ ತೋರಿಸುವುದು ನೀವು ಆ ದೇಶದಿಂದ ಸಂಪರ್ಕಿಸಿದಾಗ ಮಾತ್ರ. ವಿಪಿಎನ್ ಹಾಕಿದ್ದರೆ ಅದನ್ನು ತೆಗೆದಿಡಬೇಕು. ಫೋನಿಗೋ ಲ್ಯಾಪ್‌ಟಾಪಿಗೋ ದುಬೈಯಲ್ಲಿ ಹಾಕಿಸಿಕೊಂಡ ವಿಪಿಎನ್ ಊರಿಗೆ ಬಂದ ಮೇಲೂ ತಾನಾಗಿ ಚಾಲೂ ಆಗುತ್ತಿರುತ್ತದೆ, ಇದನ್ನು ಮರೆತು ಆಯ್ಕೆ ಕಾಣುತ್ತಿಲ್ಲವಲ್ಲ ಎಂದು ಹುಡುಕುವವರುಂಟು.

ಎರಡನೆಯದಾಗಿ, ಸ್ಟೀಮ್‌ನ ಮೇಲ್ಭಾಗದ ಬಲಗಡೆ ತನ್ನ ಹೆಸರನ್ನು ಒತ್ತಿ Account details ಪುಟ ತೆರೆಯಬೇಕು. ಅಲ್ಲಿ ಖಾತೆಯ ದೇಶ ಯಾವುದೆಂದು ಬರೆದಿರುತ್ತದೆ, ಹತ್ತಿರದಲ್ಲೇ Update store country ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿ ಭಾರತವನ್ನು ಆರಿಸಿದರೆ ಬೆಲೆಗಳು ರೂಪಾಯಿಯಲ್ಲಿ ಕಾಣತೊಡಗುತ್ತವೆ. ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಇದು ಅರ್ಜಿ ಹಾಕಿದಂತೆ ಅಷ್ಟೆ. ಖಾತೆ ನಿಜವಾಗಿ ಭಾರತದ್ದಾಗುವುದು ಮೂರನೆಯ ಹೆಜ್ಜೆಯಲ್ಲಿ.

ಮೂರನೆಯದು, ಭಾರತದ ಹಣದ ದಾರಿಯಿಂದ ಒಂದು ಖರೀದಿ. ಯುಪಿಐ ಆಗಬಹುದು, ಇಲ್ಲಿನ ಬ್ಯಾಂಕಿನ ಕಾರ್ಡ್ ಆಗಬಹುದು, ನೆಟ್‌ಬ್ಯಾಂಕಿಂಗ್ ಆಗಬಹುದು. ಗೇಮ್ ಎಷ್ಟು ಅಗ್ಗದ್ದಾದರೂ ನಡೆಯುತ್ತದೆ, ಹಣ ಮಾತ್ರ ಇಲ್ಲಿನದಾಗಿರಬೇಕು. ನಮ್ಮ ಹುಡುಗ ಇಲ್ಲಿ ಎಡವಬಹುದು. ವಾಲೆಟ್‌ನಲ್ಲಿ 84 ದಿರ್ಹಮ್ ಇದೆಯಲ್ಲ, ಅದರಲ್ಲೇ ಒಂದು ಸಣ್ಣ ಗೇಮ್ ಕೊಂಡರಾಯಿತು ಎಂದು ಅವನಿಗೆ ಅನಿಸುತ್ತದೆ. ಅದು ಸಲ್ಲುವುದಿಲ್ಲ. ವಾಲೆಟ್‌ನ ಹಣ ದುಬೈಯಲ್ಲಿ ತುಂಬಿಸಿದ್ದು, ಅದು ಅವನು ಭಟ್ಕಳದಲ್ಲಿದ್ದಾನೆ ಎಂಬುದಕ್ಕೆ ಸಾಕ್ಷಿ ಹೇಳಲಾರದು. ಸ್ಟೀಮ್‌ಗೆ ಬೇಕಾದದ್ದು ಆ ಸಾಕ್ಷಿ. ಆದ್ದರಿಂದ ಹಣ ಕೊಡುವ ಪುಟದಲ್ಲಿ ವಾಲೆಟ್ ಬಿಟ್ಟು ಯುಪಿಐ ಆರಿಸಬೇಕು.

ಅವನು 150 ರೂಪಾಯಿಯ ಒಂದು ಗೇಮನ್ನು ಯುಪಿಐನಲ್ಲಿ ಕೊಂಡ ಎಂದುಕೊಳ್ಳಿ. ಖರೀದಿ ಮುಗಿದೊಡನೆ ಖಾತೆ ಭಾರತದ್ದಾಗುತ್ತದೆ, ವಾಲೆಟ್‌ನ ದಿರ್ಹಮ್ ಚಾಲ್ತಿ ವಿನಿಮಯ ದರದಲ್ಲಿ ರೂಪಾಯಿಯಾಗುತ್ತದೆ. ಲೆಕ್ಕಕ್ಕೆ ಒಂದು ದಿರ್ಹಮ್‌ಗೆ 23 ರೂಪಾಯಿ ಎಂದಿಟ್ಟುಕೊಂಡರೆ 84 ದಿರ್ಹಮ್‌ಗೆ 1,932 ರೂಪಾಯಿ. ಯುಪಿಐನಲ್ಲಿ ಹೋದ 150 ರೂಪಾಯಿ ಬೇರೆ, ಈ 1,932 ರೂಪಾಯಿ ಕಿಸೆಯಲ್ಲಿ ಹಾಗೇ ಉಳಿಯುತ್ತದೆ. ಕೆಲಸ ಸರಿಯಾಯಿತೆ ಎಂದು ತಿಳಿಯುವ ಗುರುತೂ ಇದೇ: ಮೇಲ್ಗಡೆ ಹೆಸರಿನ ಪಕ್ಕದಲ್ಲಿ ಕಾಣುವ ವಾಲೆಟ್ ಮೊತ್ತ ರೂಪಾಯಿಯಲ್ಲಿದೆಯೆ ನೋಡಿ. ಅಂಗಡಿಯ ಬೆಲೆ ರೂಪಾಯಿ, ವಾಲೆಟ್ ಇನ್ನೂ ದಿರ್ಹಮ್ ಎಂದಿದ್ದರೆ ಮೂರನೆಯ ಹೆಜ್ಜೆ ಮುಗಿದಿಲ್ಲ.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಸ್ಟೀಮ್‌ನಲ್ಲಿ ಪ್ರತಿ ದೇಶದ ಬೆಲೆಯನ್ನು ಗೇಮ್‌ನ ಪ್ರಕಾಶಕರೇ ಬೇರೆಬೇರೆಯಾಗಿ ಇಡುತ್ತಾರೆ. ಭಾರತದ ರೂಪಾಯಿ ಬೆಲೆಗಳು ಅಲ್ಲಿ ಶುರುವಾದದ್ದು 2015ರಲ್ಲಿ. ಎಲ್ಲ ಗೇಮ್‌ಗಳಿಗೂ ಅಲ್ಲ, ಆದರೆ ಅನೇಕ ಗೇಮ್‌ಗಳಿಗೆ ಇಲ್ಲಿನ ಬೆಲೆ ಎಮಿರೇಟ್ಸ್‌ನ ಬೆಲೆಗಿಂತ ಕಡಿಮೆ. ಹಾಗಾಗಿ ಊರಿಗೆ ಹೊರಡುವವರು ಸ್ಟೀಮ್ ವಾಲೆಟ್ ಖಾಲಿ ಮಾಡುವ ಆತುರ ಪಡಬೇಕಿಲ್ಲ. ಅದೇ ಹಣ ರೂಪಾಯಿಯಾಗಿ ಬಂದರೆ ಒಂದು ಗೇಮ್ ಹೆಚ್ಚೇ ಸಿಗಬಹುದು. ಓದು ಮುಗಿಸಿ ಕೆಲಸಕ್ಕೆಂದು ಇಲ್ಲಿಂದ ದುಬೈಗೆ ಹೊರಡುವವರ ಲೆಕ್ಕ ಇದಕ್ಕೆ ತಿರುಗುಮುರುಗು: ಬೇಕೆಂದಿದ್ದ ಗೇಮ್‌ಗಳನ್ನು ರೂಪಾಯಿಯಲ್ಲೇ ಕೊಂಡು ಹೊರಡುವುದು ಜಾಣತನ.

ಈ ಬೆಲೆಯ ಅಂತರವೇ ಇಷ್ಟೆಲ್ಲ ಕಟ್ಟುಪಾಡಿಗೆ ಕಾರಣ. ಒಂದು ಕಾಲದಲ್ಲಿ ಟರ್ಕಿ, ಅರ್ಜೆಂಟೀನಾಗಳ ಬೆಲೆ ತೀರ ಅಗ್ಗವೆಂದು ಬೇರೆ ದೇಶದವರು ವಿಪಿಎನ್ ಹಾಕಿ ಅಲ್ಲಿನ ಗಿರಾಕಿಗಳಂತೆ ನಟಿಸುತ್ತಿದ್ದರು. ಕುಸಿಯುತ್ತಿದ್ದ ಆ ಎರಡು ದೇಶಗಳ ನಾಣ್ಯಗಳನ್ನೇ ಸ್ಟೀಮ್ 2023ರ ನವೆಂಬರ್‌ನಲ್ಲಿ ಕೈಬಿಟ್ಟು ಡಾಲರ್ ಬೆಲೆ ತಂದಿತು. ಈಗಿರುವ ನಿಯಮದಂತೆ ಒಮ್ಮೆ ದೇಶ ಬದಲಿಸಿದರೆ ಮೂರು ತಿಂಗಳು ಮತ್ತೆ ಬದಲಿಸುವಂತಿಲ್ಲ. ವಿಪಿಎನ್‌ನಿಂದ ದೇಶ ಸುಳ್ಳು ಹೇಳುವುದು ಒಪ್ಪಂದಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಖಾತೆಗೇ ನಿರ್ಬಂಧ ಬರಬಹುದು. ನೂರು ರೂಪಾಯಿ ಉಳಿಸಲು ಹೋಗಿ ಮೂವತ್ತು ಗೇಮ್‌ಗಳ ಕಪಾಟನ್ನು ಪಣಕ್ಕಿಡುವ ವ್ಯಾಪಾರ ಅದು.

ಕಪಾಟಿನಲ್ಲಿ ಏನು ಉಳಿಯುತ್ತದೆ

ಇನ್ನು ಆ ಮೂವತ್ತು ಗೇಮ್‌ಗಳು. ಸಾಮಾನ್ಯವಾಗಿ ಅಷ್ಟೂ ಉಳಿಯುತ್ತವೆ. ಮತ್ತೆ ಇಳಿಸಿಕೊಳ್ಳಬಹುದು, ಆಡಬಹುದು. ಆದರೆ ಎರಡು ಬಗೆಯ ತಡೆಗಳನ್ನು ಒಂದೇ ಎಂದು ತಿಳಿಯಬಾರದು.

ಮೊದಲನೆಯದು ಮಾರಾಟಕ್ಕೆ ತಡೆ. ಒಂದು ಗೇಮ್ ಎಮಿರೇಟ್ಸ್‌ನಲ್ಲಿ ಮಾರಾಟಕ್ಕಿದೆ, ಭಾರತದಲ್ಲಿ ಇಲ್ಲ. ಭಾರತಕ್ಕೆ ಬದಲಿಸಿದ ಮೇಲೆ ಅದರ ಪುಟ ತೆರೆದರೆ This item is currently unavailable in your region ಎಂದು ಬರುತ್ತದೆ. ಇದನ್ನು ಕಂಡು ಗೇಮ್ ಹೋಯಿತೆಂದು ಗಾಬರಿಯಾಗಬೇಡಿ. ಅದು ಬೀದಿಯ ಅಂಗಡಿಯ ಮಾತು, ನಿಮ್ಮ ಕಪಾಟಿನದ್ದಲ್ಲ. ಸ್ಟೀಮ್‌ನ Library ತೆರೆದು ನೋಡಿ, ಕೊಂಡದ್ದಾಗಿದ್ದರೆ ಅಲ್ಲಿರುತ್ತದೆ. ತೊಂದರೆ ಬರುವುದು ಆ ಗೇಮ್‌ಗೆ ಮುಂದೆ ಹೊಸ ಅಧ್ಯಾಯವೋ ಹೆಚ್ಚುವರಿ ಪ್ಯಾಕೋ ಕೊಳ್ಳಹೊರಟಾಗ. ಮೂಲ ಗೇಮ್ ಇದ್ದರೂ ಅದರ ಮುಂದಿನ ಭಾಗ ಇಲ್ಲಿ ಮಾರಾಟಕ್ಕಿಲ್ಲದಿರಬಹುದು. ಅಂಥದ್ದು ಬೇಕೇ ಬೇಕೆಂದಿದ್ದರೆ ದುಬೈ ಬಿಡುವ ಮೊದಲೇ ಕೊಳ್ಳಬೇಕು.

ಎರಡನೆಯದು ಆಡುವುದಕ್ಕೇ ತಡೆ. ಇದು ಅಪರೂಪ. ಇಂಥ ಪ್ರದೇಶದಲ್ಲಿ ಮಾತ್ರ ಆಡಬಹುದು ಎಂಬ ಷರತ್ತಿನ ಮೇಲೆ ಮಾರಿದ ಪ್ರತಿಗಳಿಗೆ ಇದು ಬರುತ್ತದೆ. ಸ್ಟೀಮ್‌ನಲ್ಲೇ ನೇರವಾಗಿ ಕೊಂಡಿದ್ದರೆ ಆ ಷರತ್ತನ್ನು ಕೊಳ್ಳುವಾಗಲೇ ಹೇಳಿರುತ್ತಾರೆ. ಹೊರಗಿನ ಯಾರಿಂದಲೋ ಅಗ್ಗಕ್ಕೆ ಸಿಕ್ಕಿತೆಂದು ತಂದ ಕೋಡ್‌ಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಅಂಥ ಕೋಡ್‌ನಿಂದ ಬಂದ ಗೇಮ್‌ಗಳು ಯಾವುವೆಂದು ಮೊದಲೇ ನೋಡಿಕೊಳ್ಳಿ. Account details ಪುಟದಲ್ಲಿ ಖಾತೆಗೆ ಸೇರಿದ ಪರವಾನಗಿಗಳ ಪಟ್ಟಿ ಇರುತ್ತದೆ, ಯಾವ ದಿನ, ಯಾವ ದಾರಿಯಿಂದ ಬಂತೆಂದು ಅದು ಹೇಳುತ್ತದೆ.

ಪರವಾನಗಿ ಎಂಬ ಮಾತು ಬಂತು, ಅದನ್ನೂ ಒಮ್ಮೆ ನಿಂತು ನೋಡೋಣ. ನಾವು ಗೇಮ್ ಕೊಂಡೆವು ಎನ್ನುತ್ತೇವೆ. ಕಾಗದದ ಮೇಲೆ ನಾವು ಕೊಂಡದ್ದು ಆಡುವ ಹಕ್ಕನ್ನು. ಆ ಹಕ್ಕು ಅಂಟಿಕೊಂಡಿರುವುದು ಯಂತ್ರಕ್ಕಲ್ಲ, ಖಾತೆಗೆ. ಲ್ಯಾಪ್‌ಟಾಪ್ ದುಬೈಯಲ್ಲೇ ಬಿಟ್ಟು ಬಂದರೂ ಊರಿನಲ್ಲಿ ಇನ್ನೊಂದರಲ್ಲಿ ಖಾತೆ ತೆರೆದರೆ ಗೇಮ್‌ಗಳು ಬರುತ್ತವೆ. ಆದರೆ ಖಾತೆ ಅಪ್ಪನದಾಗಿದ್ದರೆ ಗೇಮ್‌ಗಳೂ ಅಪ್ಪನವೇ.

ನಮ್ಮ ಕರಾವಳಿಯ ಮನೆಗಳಲ್ಲಿ ತೊಡಕು ಬರುವುದೇ ಇಲ್ಲಿ. ಅಪ್ಪ ದುಬೈಯಲ್ಲಿದ್ದಾರೆ, ಮಗ ಭಟ್ಕಳದಲ್ಲಿದ್ದಾನೆ, ಇಬ್ಬರಿಗೂ ಖಾತೆ ಒಂದೇ. ಆಗ ಖಾತೆ ಯಾವ ದೇಶದ್ದಾಗಬೇಕು? ಕೊಳ್ಳುವವರು ಎಲ್ಲಿದ್ದಾರೋ ಆ ದೇಶದ್ದು. ಅಪ್ಪನೇ ಅಲ್ಲಿಂದ ಕೊಳ್ಳುವುದಾದರೆ ಖಾತೆಯನ್ನು ಮುಟ್ಟಬೇಡಿ. ಮಗ ತನ್ನದೊಂದು ಹೊಸ ಖಾತೆಯನ್ನು ಇಲ್ಲಿ ಮಾಡಿಕೊಳ್ಳಲಿ. ಸ್ಟೀಮ್‌ನಲ್ಲಿ ಆರು ಜನರವರೆಗೆ ಗೇಮ್ ಹಂಚಿಕೊಳ್ಳುವ ಕುಟುಂಬ ವ್ಯವಸ್ಥೆ ಇದೆಯಲ್ಲ ಎಂದು ಕೇಳಬಹುದು. ಅದು ಒಂದೇ ಮನೆಯಲ್ಲಿ ವಾಸಿಸುವವರಿಗೆ ಮಾಡಿದ್ದು. ದುಬೈಯ ಅಪ್ಪನನ್ನೂ ಭಟ್ಕಳದ ಮಗನನ್ನೂ ಅದು ಒಂದೇ ಮನೆಯವರೆಂದು ಎಣಿಸುವುದಿಲ್ಲ.

ಹಣದ ದಾರಿಯಲ್ಲಿ ಬರುವ ತಡೆ

ಮೂರನೆಯ ಹೆಜ್ಜೆಯಲ್ಲಿ ಹಣ ಹೋಗದಿದ್ದರೆ ತಪ್ಪು ಯಾವಾಗಲೂ ಅಂಗಡಿಯದ್ದೇ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸದಾಗಿ ಕೊಡುವ ಕಾರ್ಡ್‌ಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆಗಳನ್ನು ಕಾರ್ಡಿನವರೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಊರಿಗೆ ಬಂದ ಮೇಲೆ ಮಾಡಿಸಿದ ಹೊಸ ಡೆಬಿಟ್ ಕಾರ್ಡ್ ಸ್ಟೀಮ್‌ನಲ್ಲಿ ನಡೆಯದಿದ್ದರೆ ಮೊದಲು ಅಲ್ಲಿ ನೋಡಿ. ಯುಪಿಐ ಇದ್ದವರಿಗೆ ಈ ತಲೆನೋವು ಇಲ್ಲ.

ಇನ್ನು ಬೆಲೆ ರೂಪಾಯಿಗೆ ಬರುವ ಮೊದಲೇ, ಅಂದರೆ ದಿರ್ಹಮ್ ಬೆಲೆ ಕಾಣುತ್ತಿರುವಾಗಲೇ ಯುಪಿಐ ಹುಡುಕಬೇಡಿ. ಆಯಾ ದೇಶದ ಅಂಗಡಿ ಆಯಾ ದೇಶದ ಹಣದ ದಾರಿಗಳನ್ನೇ ತೋರಿಸುತ್ತದೆ. ಮೊದಲು ಭಾರತ ಆರಿಸಿ, ಆಮೇಲೆ ಯುಪಿಐ ಕಾಣುತ್ತದೆ.

ಪ್ಲೇಸ್ಟೇಷನ್: ದೇಶ ಬದಲಾಗುವುದಿಲ್ಲ

ಅದೇ ಮನೆಯ ಪ್ಲೇಸ್ಟೇಷನ್‌ಗೆ ಬರೋಣ. ಸ್ಟೀಮ್‌ನ ಕ್ರಮ ಕಲಿತವರು ಇಲ್ಲಿಯೂ ಸೆಟ್ಟಿಂಗ್ಸ್ ತೆರೆದು ದೇಶ ಬದಲಿಸುವ ಗುಂಡಿ ಹುಡುಕುತ್ತಾರೆ. ಹುಡುಕಬೇಕಾಗಿಲ್ಲ. ಪ್ಲೇಸ್ಟೇಷನ್ ಖಾತೆ ಮಾಡುವಾಗ ಯಾವ ದೇಶ ಬರೆದೆವೋ ಆ ಖಾತೆಗೆ ಅದೇ ದೇಶ. ಎಮಿರೇಟ್ಸ್ ಎಂದು ಬರೆದಿದ್ದರೆ ಅದು ಎಮಿರೇಟ್ಸ್‌ನ ಖಾತೆಯಾಗಿಯೇ ಇರುತ್ತದೆ. ಅಲ್ಲಿನ ಅಂಗಡಿಯ ಬೆಲೆ ಅಮೆರಿಕದ ಡಾಲರ್‌ನಲ್ಲಿರುತ್ತದೆ. ಅದರ ವಾಲೆಟ್‌ನ ಹಣ ಭಾರತದ ಖಾತೆಗೆ ಹೋಗುವುದಿಲ್ಲ. ಭಾರತದಲ್ಲಿ ಕೊಂಡ ಗಿಫ್ಟ್ ಕಾರ್ಡ್ ಆ ಖಾತೆಗೆ ಹಿಡಿಯುವುದಿಲ್ಲ, ಎಮಿರೇಟ್ಸ್‌ನ ಕಾರ್ಡ್ ಭಾರತದ ಖಾತೆಗೆ ಹಿಡಿಯುವುದಿಲ್ಲ.

ಹಾಗಾದರೆ ಮಾಡುವುದೇನು? ಎರಡು ಖಾತೆ ಇಟ್ಟುಕೊಳ್ಳುವುದು. ಹಳೆಯ ಖಾತೆಯನ್ನು ಅಳಿಸಬಾರದು, ಕೊಂಡ ಗೇಮ್‌ಗಳೆಲ್ಲ ಅದರಲ್ಲೇ ಇವೆ. ಇನ್ನು ಮುಂದೆ ಕೊಳ್ಳುವುದಕ್ಕೆ ಭಾರತದ ಹೊಸ ಖಾತೆ ಮಾಡಿ ಅದೇ ಯಂತ್ರಕ್ಕೆ ಸೇರಿಸಬೇಕು. ಹಳೆಯ ಖಾತೆಯ ಗೇಮ್‌ಗಳನ್ನು ಹೊಸ ಖಾತೆಯಿಂದಲೂ ಆಡುವಂತೆ ಮಾಡಬಹುದು. ಪಿಎಸ್ 5 ಯಂತ್ರದಲ್ಲಿ ಹಳೆಯ ಖಾತೆಯಿಂದ ಒಳಹೊಕ್ಕು Console Sharing and Offline Play ಎಂಬ ಆಯ್ಕೆಯನ್ನು ತೆರೆದಿಟ್ಟರೆ ಆ ಯಂತ್ರದಲ್ಲಿ ಯಾರು ಬೇಕಾದರೂ ಅವುಗಳನ್ನು ಆಡಬಹುದು. ಪಿಎಸ್ 4 ಯಂತ್ರದಲ್ಲಿ ಇದೇ ಕೆಲಸವನ್ನು Activate as Your Primary PS4 ಎಂಬುದು ಮಾಡುತ್ತದೆ. ಒಂದು ಖಾತೆಗೆ ಇಂಥ ಯಂತ್ರ ಪಿಎಸ್ 5ರಲ್ಲಿ ಒಂದೇ, ಪಿಎಸ್ 4ರಲ್ಲಿಯೂ ಒಂದೇ. ದುಬೈಯಲ್ಲಿ ಬಿಟ್ಟುಬಂದ ಅಥವಾ ಮಾರಿದ ಯಂತ್ರದಲ್ಲಿ ಅದು ತೆರೆದೇ ಇದ್ದರೆ ಮೊದಲು ಅಲ್ಲಿ ಮುಚ್ಚಬೇಕು.

ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಆಟದಲ್ಲಿ ಎಲ್ಲಿಯವರೆಗೆ ತಲುಪಿದ್ದೆವು ಎಂಬ ಉಳಿಕೆ ಮತ್ತು ಗಳಿಸಿದ ಟ್ರೋಫಿಗಳು ಆಯಾ ಖಾತೆಗೆ ಸೇರಿದವು. ಅರವತ್ತು ಗಂಟೆ ಆಡಿದ ಗೇಮನ್ನು ಹೊಸ ಖಾತೆಯಿಂದ ತೆರೆದರೆ ಅದು ಮೊದಲ ಹೆಜ್ಜೆಯಿಂದ ಶುರುವಾಗುತ್ತದೆ. ಉಳಿಕೆ ಅಳಿಸಿಹೋಗಿಲ್ಲ, ಹಳೆಯ ಖಾತೆಯಲ್ಲಿದೆ. ಹಾಗಾಗಿ ಹಳೆಯ ಗೇಮ್‌ಗಳನ್ನು ಹಳೆಯ ಖಾತೆಯಿಂದ, ಹೊಸ ಗೇಮ್‌ಗಳನ್ನು ಹೊಸ ಖಾತೆಯಿಂದ ಆಡುವುದೇ ಸರಳ. ಎರಡನೆಯದು, ಗೇಮ್ ಒಂದು ದೇಶದ ಖಾತೆಯದ್ದು, ಅದರ ಹೆಚ್ಚುವರಿ ಪ್ಯಾಕ್ ಇನ್ನೊಂದು ದೇಶದ ಖಾತೆಯದ್ದು ಎಂದಾದರೆ ಎರಡೂ ಕೂಡಿಕೊಳ್ಳದೆ ಹೋಗಬಹುದು. ಡಿಸ್ಕ್‌ಗೂ ಇದು ಅನ್ವಯಿಸುತ್ತದೆ. ಡಿಸ್ಕ್ ಯಾವ ದೇಶದಲ್ಲಿ ಕೊಂಡದ್ದಾದರೂ ಭಟ್ಕಳದ ಯಂತ್ರದಲ್ಲಿ ಆಡುತ್ತದೆ. ಆದರೆ ಅದಕ್ಕೆ ಪ್ಯಾಕ್ ಕೊಳ್ಳುವಾಗ ಡಿಸ್ಕ್‌ನ ಪ್ರದೇಶಕ್ಕೆ ಹೊಂದುವ ಅಂಗಡಿಯಿಂದ ಕೊಳ್ಳಬೇಕು. ಡಿಸ್ಕ್ ಪೆಟ್ಟಿಗೆಯ ಬೆನ್ನ ಮೇಲೆ CUSA ಅಥವಾ PPSA ಎಂದು ಶುರುವಾಗುವ ಅಂಕಿ ಇರುತ್ತದೆ, ಪ್ರತಿಯ ಪ್ರದೇಶ ಗುರುತಿಸಲು ಅದೇ ಆಧಾರ.

ಹೀಗಾಗಿ ಪ್ಲೇಸ್ಟೇಷನ್‌ನ ಡಾಲರ್ ಕಿಸೆಯನ್ನು ಮುಂಚೆಯೇ ಖಾಲಿ ಮಾಡುವುದು ಒಳ್ಳೆಯದು. ಊರಿಗೆ ಬಂದ ಮೇಲೂ ಹಳೆಯ ಖಾತೆಯಿಂದ ಆ ಹಣ ಖರ್ಚು ಮಾಡಬಹುದು. ಆದರೆ ನಾಲ್ಕು ಡಾಲರ್ ಉಳಿದು, ಬೇಕಾದ ಗೇಮ್ ಹತ್ತು ಡಾಲರ್ ಆದರೆ ಉಳಿದ ಆರು ಡಾಲರ್ ತುಂಬಿಸಲು ಮತ್ತೆ ಎಮಿರೇಟ್ಸ್‌ನ ಕಾರ್ಡ್ ಬೇಕು.

ಫೋನಿನ ಅಂಗಡಿ: ಕಿಸೆಗೆ ಬೀಗ

ಆಂಡ್ರಾಯ್ಡ್ ಫೋನಿನ ಗೂಗಲ್ ಪ್ಲೇ ಅಂಗಡಿ ಇವೆರಡರ ನಡುವಿನದು. ದೇಶ ಬದಲಿಸಬಹುದು, ಆದರೆ ವರ್ಷಕ್ಕೆ ಒಮ್ಮೆ ಮಾತ್ರ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರವನ್ನು ಒತ್ತಿ Settings, ಅದರಲ್ಲಿ General, ಅದರಲ್ಲಿ Account and device preferences ತೆರೆದರೆ Country and profiles ಎಂಬಲ್ಲಿ ಭಾರತ ಕಾಣುತ್ತದೆ. ಇಲ್ಲಿಯೂ ಭಾರತದಲ್ಲಿ ಇರಬೇಕು, ಭಾರತದ ಹಣದ ದಾರಿಯೊಂದನ್ನು ಸೇರಿಸಬೇಕು. ಬದಲಾವಣೆ ಪೂರ್ತಿಯಾಗಲು 48 ಗಂಟೆಯವರೆಗೆ ಹಿಡಿಯಬಹುದು, ಅಷ್ಟರಲ್ಲಿ ಮತ್ತೆ ಮತ್ತೆ ಒತ್ತಿ ನೋಡುವುದು ಬೇಡ.

ಕಿಸೆಯ ವಿಷಯದಲ್ಲಿ ಗೂಗಲ್ ಪ್ಲೇ ಸ್ಟೀಮ್‌ನಂತಲ್ಲ. ದಿರ್ಹಮ್‌ನಲ್ಲಿದ್ದ ಹಣ ರೂಪಾಯಿಯಾಗುವುದಿಲ್ಲ. ಅದು ಎಮಿರೇಟ್ಸ್‌ನ ಪ್ರೊಫೈಲ್‌ನಲ್ಲೇ ಉಳಿಯುತ್ತದೆ, ಮತ್ತೆ ಆ ದೇಶಕ್ಕೆ ಬದಲಿಸಿದಾಗ ಮಾತ್ರ ಕೈಗೆ ಸಿಗುತ್ತದೆ. ವರ್ಷಕ್ಕೊಮ್ಮೆಯ ನಿಯಮ ಇರುವುದರಿಂದ ಕಡಿಮೆಯೆಂದರೂ ಒಂದು ವರ್ಷ ಅದಕ್ಕೆ ಬೀಗ ಬಿದ್ದಂತೆ. ಹಾಗಾಗಿ ಬದಲಿಸುವ ಮೊದಲೇ ಅದನ್ನು ಖರ್ಚು ಮಾಡಬೇಕು. ಆಪಲ್ ಇನ್ನೂ ಕಟ್ಟುನಿಟ್ಟು: ಖಾತೆಯಲ್ಲಿ ಹಣ ಉಳಿದಿದ್ದರೆ, ಚಂದಾ ನಡೆಯುತ್ತಿದ್ದರೆ ದೇಶ ಬದಲಿಸಲು ಬಿಡುವುದಿಲ್ಲ. ಮೊದಲು ಎರಡನ್ನೂ ತೀರಿಸಿ ಬಾ ಎನ್ನುತ್ತದೆ.

ಫೋನಿನಲ್ಲಿ ಬೀದಿಯ ಅಂಗಡಿ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪಬ್‌ಜಿ ಮೊಬೈಲ್. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಇದೂ ಸೇರಿತ್ತು. 2021ರ ಜುಲೈಯಲ್ಲಿ ಭಾರತಕ್ಕೆಂದೇ ಬಿಜಿಎಂಐ ಬಂತು. 2022ರ ಜುಲೈಯಲ್ಲಿ ಅದೂ ಅಂಗಡಿಯಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ದುಬೈಯಲ್ಲಿ ಹುಡುಗರು ಆಡುವುದು ಪಬ್‌ಜಿ ಮೊಬೈಲ್, ಇಲ್ಲಿನವರು ಆಡುವುದು ಬಿಜಿಎಂಐ. ನೋಡಲು ಒಂದೇ ಆಟ, ಆದರೆ ಎರಡು ಬೇರೆ ಗೇಮ್‌ಗಳು. ನಿಷೇಧದ ಮೊದಲು ಭಾರತದಲ್ಲಿ ಆಡುತ್ತಿದ್ದವರಿಗೆ ಹಳೆಯ ಸಾಮಗ್ರಿಯನ್ನು ಬಿಜಿಎಂಐಗೆ ಸಾಗಿಸಲು 2021ರಲ್ಲಿ ಅವಕಾಶ ಕೊಟ್ಟಿದ್ದರು, ಆ ವರ್ಷದ ಕೊನೆಗೆ ಅದು ಮುಗಿಯಿತು. ಈಗ ದುಬೈಯಿಂದ ಬರುವ ಹುಡುಗ ಅಲ್ಲಿ ಹಣ ಕೊಟ್ಟು ಕೊಂಡ ಬಟ್ಟೆ, ಬಂದೂಕಿನ ಬಣ್ಣಗಳನ್ನು ಬಿಜಿಎಂಐಗೆ ತರಲಾರ.

ಇಲ್ಲಿ ತಿಳಿಯಬೇಕಾದದ್ದು, ಆಟದೊಳಗಿನ ನಾಣ್ಯ ಅಂಗಡಿಯ ಕಿಸೆಯಲ್ಲ. ಗೂಗಲ್ ಪ್ಲೇಯಲ್ಲಿ ಉಳಿದ ದಿರ್ಹಮ್ ಅಂಗಡಿಯ ಕಿಸೆ. ಅದನ್ನು ಕೊಟ್ಟು ಪಬ್‌ಜಿಯಲ್ಲಿ ಕೊಂಡ ಯುಸಿ ಆಟದ ಕಂಪನಿಯ ಕಿಸೆ. ಅಂಗಡಿಯ ದೇಶ ಬದಲಿಸಿದರೆ ಯುಸಿ ಬದಲಾಗುವುದಿಲ್ಲ, ಅದು ಹಳೆಯ ಆಟದೊಳಗೇ ಇರುತ್ತದೆ. ಆದರೆ ಆ ಆಟಕ್ಕೇ ಇಲ್ಲಿ ಬಾಗಿಲು ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ಫೋನಿನ ಉಳಿದ ಹಣವನ್ನು ಖರ್ಚು ಮಾಡಲೇಬೇಕೆಂದು ಇಂಥ ಆಟದ ನಾಣ್ಯಕ್ಕೆ ಸುರಿಯಬೇಡಿ. ಎರಡೂ ದೇಶಗಳಲ್ಲಿ ಸಿಗುವ, ಒಮ್ಮೆ ಕೊಂಡರೆ ಮುಗಿಯಿತು ಎನ್ನುವಂಥ ಗೇಮ್ ಕೊಳ್ಳಿ.

ಪೆಟ್ಟಿಗೆ ಕಟ್ಟುವ ಕ್ರಮ

ಈಗ ಆ ಮನೆಯ ಲೆಕ್ಕ ಒಟ್ಟು ಮಾಡೋಣ. ದುಬೈ ಬಿಡುವ ಮೊದಲು ಮಾಡಬೇಕಾದದ್ದು ಮೂರು ಕೆಲಸ. ಗೂಗಲ್ ಪ್ಲೇ ಮತ್ತು ಪ್ಲೇಸ್ಟೇಷನ್‌ನ ಉಳಿಕೆ ಹಣವನ್ನು ಖರ್ಚು ಮಾಡುವುದು ಒಂದು. ಭಾರತದಲ್ಲಿ ಮಾರಾಟಕ್ಕಿಲ್ಲದ ಗೇಮ್‌ಗಳ ಹೆಚ್ಚುವರಿ ಪ್ಯಾಕ್ ಬೇಕಿದ್ದರೆ ಆಗಲೇ ಕೊಳ್ಳುವುದು ಎರಡು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಎಲ್ಲ ಖಾತೆಗಳ ಭದ್ರತೆಯ ಫೋನ್ ನಂಬರನ್ನು ಬದಲಿಸಿಕೊಳ್ಳುವುದು. ಒಳಹೊಗುವಾಗ ಒಟಿಪಿ ಹೋಗುವುದು ದುಬೈಯ ಸಿಮ್‌ಗೆ. ಆ ಸಿಮ್ ಬಂದ್ ಆಗಿದ್ದರೆ ಭಟ್ಕಳದಲ್ಲಿ ಕೂತವರಿಗೆ ಕಪಾಟಿನ ಕೀಲಿಯೇ ಕೈತಪ್ಪುತ್ತದೆ. ನಂಬರನ್ನು ಮೊದಲು ಅಪ್ಪನದ್ದಕ್ಕೆ ಬದಲಿಸಿ, ಊರಿನ ಸಿಮ್ ಬಂದ ಮೇಲೆ ಇಲ್ಲಿನದ್ದಕ್ಕೆ ಬದಲಿಸಿ.

ಊರಿಗೆ ಬಂದ ಮೇಲೆ ಸ್ಟೀಮ್‌ನಲ್ಲಿ ಭಾರತ ಆರಿಸಿ ಯುಪಿಐನಿಂದ ಒಂದು ಸಣ್ಣ ಖರೀದಿ. ಪ್ಲೇಸ್ಟೇಷನ್‌ನಲ್ಲಿ ಹಳೆಯ ಖಾತೆಯ ಪಕ್ಕದಲ್ಲಿ ಭಾರತದ ಹೊಸ ಖಾತೆ. ಫೋನಿನಲ್ಲಿ, ಇನ್ನೊಂದು ವರ್ಷ ಇಲ್ಲೇ ಇರುತ್ತೇವೆ ಎಂಬುದು ಖಾತ್ರಿಯಾದ ಮೇಲೆ ದೇಶದ ಬದಲಾವಣೆ.

ಈ ಕೊನೆಯದಕ್ಕೆ ಅವಸರ ಬೇಡ ಎನ್ನಲು ಕಾರಣ ಇದೆ. ಕಾಲೇಜು ಹಿಡಿಸದೆಯೋ ಅಪ್ಪ ಮತ್ತೆ ವೀಸಾ ಮಾಡಿಸಿಯೋ ಆರು ತಿಂಗಳಲ್ಲಿ ದುಬೈಗೆ ಮರಳಿದ ಮಕ್ಕಳಿದ್ದಾರೆ. ಸ್ಟೀಮ್‌ನ ಮೂರು ತಿಂಗಳ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಪ್ಲೇಸ್ಟೇಷನ್‌ನ ಹಳೆಯ ಖಾತೆ ಅಲ್ಲಿಗೆ ಹೇಗಿದ್ದರೂ ಸಲ್ಲುತ್ತದೆ. ಫೋನ್ ಮಾತ್ರ ಮಿಕ್ಕ ಆರು ತಿಂಗಳು ದುಬೈಯಲ್ಲಿ ಕೂತು ಭಟ್ಕಳದ ಅಂಗಡಿಯನ್ನೇ ತೋರಿಸುತ್ತಿರುತ್ತದೆ.